ಸಮ್ಮೇಳನದ ಪೋಸ್ಟರ್: ಟಿ1, ಟಿ2 ಹುಡುಕುವುದರಲ್ಲೇ ಒಂದು ನಿಮಿಷ ಹೋಗುತ್ತೆ

ಪ್ರಶ್ನೆ (ಕೃಷಿ ಎಂಎಸ್ಸಿ ವಿದ್ಯಾರ್ಥಿನಿ, ಮಂಡ್ಯ): ಮುಂದಿನ ವಾರ ಮೈಸೂರಿನಲ್ಲಿ ಸಮ್ಮೇಳನ ಇದೆ. ಎ0 ಅಳತೆಯ ಉದ್ದುದ್ದ ಪೋಸ್ಟರ್. ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ, ಒಮ್ಮೆ ಕಟ್ಟಿ ಒಮ್ಮೆ ಆರಲು ಬಿಟ್ಟು ಬೆಳೆದ ಪ್ರಯೋಗ. ಟಿ1ರಿಂದ ಟಿ6ರವರೆಗೆ ಆರು ಟ್ರೀಟ್‌ಮೆಂಟ್, ಅಂದರೆ ನೀರು ಕೊಡುವ ಆರು ಬಗೆ. ಮೂರು ಟೇಬಲ್, ಎರಡು ಗ್ರಾಫ್ ಇವೆ. ಫೋಟೋ ಹಾಕಿದ್ದೀನಿ. ಒಂದು ನಿಮಿಷದಲ್ಲಿ ಅರ್ಥ ಆಗೋ ಹಾಗೆ ಹೇಗೆ ಜೋಡಿಸಲಿ?

ಉತ್ತರ (ಪೋಸ್ಟರ್ ವಿನ್ಯಾಸಕ, ಮೈಸೂರು): ಫೋಟೋ ನೋಡಿದೆ. ನಿಮ್ಮ ಗ್ರಾಫಿನಲ್ಲಿ ಎತ್ತರದ ಕಂಬದ ಕೆಳಗೆ 'ಟಿ4' ಅಂತಿದೆ. ಟಿ4 ಅಂದರೇನು ಅಂತ ಹುಡುಕಿದೆ. ಎಡಗಡೆ ಕೆಳಗೆ, ಮೊಣಕಾಲಿನ ಮಟ್ಟದಲ್ಲಿ ಪಟ್ಟಿ ಸಿಕ್ಕಿತು. ಓದಿ ಮತ್ತೆ ಗ್ರಾಫಿಗೆ ಬರುವಷ್ಟರಲ್ಲಿ ಟಿ2 ಯಾವುದು ಅನ್ನೋದು ಮರೆತುಹೋಯಿತು. ನಿಂತು ಓದುವವರು ಇಲ್ಲೇ ಮುಂದಕ್ಕೆ ಹೋಗೋದು. ಥೀಸಿಸ್‌ನಲ್ಲಿ ಟಿ1, ಟಿ2 ನಡೆಯುತ್ತೆ, ಯಾಕಂದ್ರೆ ಪುಟ ತಿರುಗಿಸಿ ನೋಡಬಹುದು. ಪೋಸ್ಟರ್‌ನಲ್ಲಿ ಕಂಬದ ಕೆಳಗೇ 'ಸದಾ ನೀರು', '15 ಸೆಂ.ಮೀ. ಇಳಿದ ಮೇಲೆ ನೀರು' ಅಂತ ಬರೆಯಿರಿ. ಹೆಸರು ಉದ್ದ ಅನಿಸಿದರೆ ಕಂಬಗಳನ್ನು ಅಡ್ಡ ಮಲಗಿಸಿ, ಜಾಗ ಸಿಗುತ್ತೆ.

ಆಮೇಲೆ ಶೀರ್ಷಿಕೆ. ಈಗಿರೋದು 'ಭತ್ತದಲ್ಲಿ ನೀರು ನಿರ್ವಹಣಾ ವಿಧಾನಗಳ ಪರಿಣಾಮದ ಅಧ್ಯಯನ'. ಏನು ಕಂಡಿರಿ ಅನ್ನೋದು ಅದರಲ್ಲಿಲ್ಲ. 'ಗದ್ದೆ ಆರಲು ಬಿಟ್ಟರೂ ಭತ್ತದ ಇಳುವರಿ ಇಳಿಯಲಿಲ್ಲ, ನೀರು ಉಳಿಯಿತು' ಅಂತ ಹಾಕಿ. ಅದರ ಕೆಳಗೆ ಸಣ್ಣದಾಗಿ 'ಮಂಡ್ಯ, ಒಂದು ಬೇಸಿಗೆ ಬೆಳೆ' ಅಂತಲೂ ಇರಲಿ. ಇಲ್ಲದಿದ್ದರೆ ಎಲ್ಲ ಕಡೆಗೂ ಅನ್ವಯಿಸಿ ಹೇಳಿದ ಹಾಗಾಗುತ್ತೆ.

ಶೀರ್ಷಿಕೆಯ ಕೆಳಗೆ, ಕಣ್ಣಿನ ಮಟ್ಟದಲ್ಲಿ, ಪೋಸ್ಟರಿನ ಪೂರ್ತಿ ಅಗಲಕ್ಕೆ ಒಂದೇ ಗ್ರಾಫ್. ಅದರ ಕೆಳಗೆ ಎಡಕ್ಕೆ, ಗದ್ದೆಯಲ್ಲಿ ಹೂತಿದ್ದ ತೂತಿನ ಪೈಪಿನ ಫೋಟೋ ಮತ್ತು ಎರಡು ಸಾಲು: ಪೈಪಿನೊಳಗೆ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ನೀರು ಕಟ್ಟಿದೆವು. ವಿಧಾನ ಇಷ್ಟರಲ್ಲೇ ಮುಗಿಯುತ್ತೆ. ಬಲಕ್ಕೆ, ಏನು ಇನ್ನೂ ಗೊತ್ತಿಲ್ಲ ಅನ್ನೋದು. ಕೃತಜ್ಞತೆ, ಲೋಗೋ ಎಲ್ಲ ಕೆಳಗೆ ಇರಲಿ. ಮೂರು ಟೇಬಲ್‌ಗಳನ್ನು ಎ4 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಕೈಯಲ್ಲಿಟ್ಟುಕೊಳ್ಳಿ, ಕೇಳಿದವರಿಗೆ ಕೊಡಿ.

ಒಬ್ಬ ಉಪನ್ಯಾಸಕರು: ಇಷ್ಟೆಲ್ಲ ಯಾಕೆ ಸರ್, ಅಕ್ಷರ ದೊಡ್ಡದು ಮಾಡಿದ್ರೆ ಸಾಕು. ನಾನು ಎಲ್ಲವನ್ನೂ 40 ಪಾಯಿಂಟ್ ಇಡಿಸ್ತೀನಿ.

ವಿನ್ಯಾಸಕ: ಅಕ್ಷರ ದೊಡ್ಡದಿರಬೇಕು ಅನ್ನೋದು ನಿಜ ಸರ್. ಆದರೆ ಎಲ್ಲವೂ ಒಂದೇ ಅಳತೆಯಾದರೆ ಮೊದಲು ಏನು ಓದಬೇಕು ಅಂತ ತಿಳಿಯಲ್ಲ. ಶೀರ್ಷಿಕೆ 90ರ ಮೇಲಿರಲಿ, ವಿವರ 28ಕ್ಕಿಂತ ಕೆಳಗೆ ಹೋಗದಿರಲಿ. ಪರೀಕ್ಷೆ ಸುಲಭ. ಇಡೀ ಪೋಸ್ಟರನ್ನು ಎ4 ಹಾಳೆಗೆ ಪ್ರಿಂಟ್ ಮಾಡಿ. ಎ0 ಅಂದರೆ ಉದ್ದಕ್ಕೂ ಅಗಲಕ್ಕೂ ಎ4ನ ನಾಲ್ಕರಷ್ಟು. 28 ಪಾಯಿಂಟ್ ಅಕ್ಷರ 7 ಆಗುತ್ತೆ. ಹಾಳೆಯನ್ನು 40 ಸೆಂ.ಮೀ. ದೂರದಲ್ಲಿ ಹಿಡಿದರೆ, 160 ಸೆಂ.ಮೀ. ದೂರದಿಂದ ಪೋಸ್ಟರ್ ನೋಡಿದ ಹಾಗೇ ಕಾಣುತ್ತೆ. ಕೈಯಲ್ಲಿ ಓದಲಾಗದ್ದು ಗೋಡೆಯ ಮೇಲೂ ಓದಲಾಗಲ್ಲ. ಆ ಹಾಳೆಯನ್ನ ಓದಿ ಅಂತ ಪ್ರಯೋಗದಲ್ಲಿ ಇಲ್ಲದ ಸ್ನೇಹಿತೆಗೆ ಕೊಡಿ, ಒಂದು ನಿಮಿಷ ಆದ ಮೇಲೆ ಹಾಳೆ ಕಸಿದುಕೊಂಡು 'ಏನು ಕಂಡಿದ್ದು?' ಅಂತ ಕೇಳಿ. ಅವರು 'ನೀರಿನ ಬಗ್ಗೆ ಏನೋ' ಅಂದರೆ ಶೀರ್ಷಿಕೆ ಇನ್ನೂ ಸರಿಯಾಗಿಲ್ಲ.

ಮತ್ತೊಬ್ಬರು: ನಮ್ಮ ಮಗನ ಶಾಲೆಯ ವಿಜ್ಞಾನ ಮೇಳಕ್ಕೆ ಫ್ಲೆಕ್ಸ್ ಮಾಡಿಸಿದ್ವಿ. ಫೋಟೋ ಎಲ್ಲ ಮಸುಕು ಬಂತು. ಅಂಗಡಿಯವರ ತಪ್ಪಾ?

ವಿನ್ಯಾಸಕ: ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ರಾ? ಅದು ಫೋಟೋನ ಕುಗ್ಗಿಸುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲಾಂದ್ರೆ ಪೆನ್‌ಡ್ರೈವ್‌ನಲ್ಲಿ ಕೊಡಿ.

ಸಂಖ್ಯಾಶಾಸ್ತ್ರದ ಅಧ್ಯಾಪಕಿ: ಒಂದು ಎಚ್ಚರಿಕೆ. 'ಇಳುವರಿ ಇಳಿಯಲಿಲ್ಲ' ಅನ್ನೋಕೆ ಮುಂಚೆ ನಿಮ್ಮ ಸಿಡಿ ನೋಡಿ. ಸಿಡಿ ಅಂದರೆ ಕ್ರಿಟಿಕಲ್ ಡಿಫರೆನ್ಸ್, ವ್ಯತ್ಯಾಸ ಇದೆ ಅಂತ ಹೇಳೋಕೆ ಬೇಕಾದ ಕನಿಷ್ಠ ಅಂತರ. ಎರಡು ಸರಾಸರಿಗಳ ಅಂತರ ಸಿಡಿಗಿಂತ ಕಡಿಮೆ ಇದ್ದರೆ, ಎರಡೂ ಸಮ ಅಂತ ಆಗಲ್ಲ. ವ್ಯತ್ಯಾಸ ಇದ್ದರೂ ನಿಮ್ಮ ಪ್ರಯೋಗಕ್ಕೆ ಕಾಣಿಸಿರಲಿಕ್ಕಿಲ್ಲ. ತಾಕುಗಳ ನಡುವೆ ಏರುಪೇರು ಜಾಸ್ತಿ ಇದ್ದು ಸಿಡಿಯೇ ದೊಡ್ಡದಾಗಿದ್ದರೆ 'ಇಳುವರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ' ಅಂತ ಬರೆಯೋದು ಸರಿ. ಕಂಬಗಳ ಮೇಲೆ ಏರುಪೇರು ಎಷ್ಟು ಅಂತ ತೋರಿಸುವ ದೋಷದ ಗೆರೆ ಎಳೆಯಿರಿ, ಓದುವವರೇ ತೂಗಿ ನೋಡಲಿ.

ವಿನ್ಯಾಸಕ: ಒಪ್ಪಿದೆ ಮೇಡಂ, ನಾನು ಹೇಳಿದ ಶೀರ್ಷಿಕೆ ಅವಸರದ್ದು. 'ಕಾಣಲಿಲ್ಲ' ಅನ್ನೋದೇ ಇರಲಿ.

ವಿದ್ಯಾರ್ಥಿನಿ: ನಮ್ಮ ಸಿಡಿ ದೊಡ್ಡದೇ ಇದೆ ಮೇಡಂ, ಬದಲಾಯಿಸ್ತೀನಿ. ಆದರೆ ಮೂರೂ ಟೇಬಲ್ ಇರಲೇಬೇಕು, ತೀರ್ಪುಗಾರರು ಅವನ್ನೇ ನೋಡ್ತಾರೆ ಅಂತಾರೆ ನಮ್ಮ ಗೈಡ್.

ಉಪನ್ಯಾಸಕರು: ಗೈಡ್ ಹೇಳೋದು ಸರಿಯಾಗಿದೆ. ಬಹುಮಾನಕ್ಕೆ ಅಂಕ ಕೊಡುವಾಗ ಟೇಬಲ್ ಹುಡುಕ್ತೀವಿ.

ವಿನ್ಯಾಸಕ: ಹಾಗಾದ್ರೆ ಮುಖ್ಯವಾದ ಒಂದು ಟೇಬಲ್ ಮಾತ್ರ ಕೆಳಗಿನ ಮೂಲೆಯಲ್ಲಿ ಇಡಿ, ಅದರಲ್ಲೂ ಟಿ1 ಬೇಡ, ಹೆಸರೇ ಇರಲಿ. ತೀರ್ಪುಗಾರರು ಬಗ್ಗಿ ನೋಡ್ತಾರೆ. ಉಳಿದ ಎರಡರ ಬಗ್ಗೆ ಗೈಡ್ ಹತ್ತಿರ ಎ4 ಪ್ರಿಂಟ್ ತಗೊಂಡು ಹೋಗಿ ಮಾತಾಡಿ. ಮೊದಲು ಈಗಿನದು ತೋರಿಸಿ, ಆಮೇಲೆ ಹೊಸದು.

ವಿದ್ಯಾರ್ಥಿನಿ: ನಾಳೆ ಬೆಳಿಗ್ಗೆ ಹೋಗ್ತೀನಿ ಸರ್. ಒಪ್ತಾರೋ ಇಲ್ವೋ, ಇಲ್ಲೇ ಬರೀತೀನಿ.