ಸಹಾಯ ಬೇಕು: ಹಳೆಯ ಗ್ರಾಹಕರೇ ಇಲ್ಲದಾಗ ಮೊದಲ ಇಮೇಲ್‌ನಲ್ಲಿ ಪುರಾವೆ ಹೇಗೆ ಕೊಡುವುದು?

ಎಲ್ಲರಿಗೂ ನಮಸ್ಕಾರ. ವೆಬ್‌ಸೈಟಿನ ಫೋಟೋಗಳ ತೂಕ ಇಳಿಸಿಕೊಡುವ ಸಣ್ಣ ಕೆಲಸ ಕೇಳಿ, ಪರಿಚಯವಿಲ್ಲದ ಅಂಗಡಿ ಮಾಲೀಕರೊಬ್ಬರಿಗೆ ಇಮೇಲ್ ಬರೆಯುತ್ತಿದ್ದೇನೆ. ತೋರಿಸಲು ಸರ್ಟಿಫಿಕೇಟ್ ಇಲ್ಲ, ಹೆಸರು ಹೇಳಲು ಗ್ರಾಹಕರಿಲ್ಲ. ಹಾಗಾಗಿ ಅವರದೇ ಸೈಟಿನ ಒಂದು ಫೋಟೋ ಸರಿಮಾಡಿ ಅದನ್ನೇ ಆಧಾರವಾಗಿಟ್ಟಿದ್ದೇನೆ. ಕರಡು ಇದು:

ವಿಷಯ: ನಿಮ್ಮ ಮುಖಪುಟದ ಮೊದಲ ಫೋಟೋ ಬಗ್ಗೆ

"ನಮಸ್ಕಾರ ಸರ್. ನಿಮ್ಮ ಮುಖಪುಟದ ಮೊದಲ ಫೋಟೋ 4 ಎಂಬಿ ಇದೆ. ನೆಟ್ ನಿಧಾನವಿದ್ದರೆ ಮೊಬೈಲ್‌ನಲ್ಲಿ ತಡವಾಗಿ ಕಾಣುತ್ತದೆ. ಅಗಲವನ್ನು 4000 ಪಿಕ್ಸೆಲ್‌ನಿಂದ 1600ಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರವಾದ ಫೋಟೋ ಫೈಲ್ ರೂಪಕ್ಕೆ ಬದಲಿಸಿದೆ, ಈಗ ಸುಮಾರು 200 ಕೆಬಿ. ಈ ಕೆಲಸಕ್ಕೆ ನಾನು ಹೊಸಬ. ಆ ಫೋಟೋ ಉಚಿತವಾಗಿ ಕಳಿಸಲೇ? 'ಸರಿ' ಎಂದು ಉತ್ತರಿಸಿದರೆ ಸಾಕು."

ಅಟ್ಯಾಚ್‌ಮೆಂಟ್, ಲಿಂಕ್ ಎರಡನ್ನೂ ಬೇಕೆಂದೇ ಬಿಟ್ಟಿದ್ದೇನೆ. ಅಪರಿಚಿತರ ಫೈಲ್ ಇದ್ದರೆ ಇಮೇಲ್ ಸ್ಪ್ಯಾಮ್‌ಗೆ ಹೋಗಬಹುದು, ಹೋಗದಿದ್ದರೂ ತೆರೆಯಲು ಜನ ಹೆದರುತ್ತಾರೆ. "ನಿಮ್ಮ ಸೈಟ್ ತುಂಬಾ ನಿಧಾನ" ಎಂದೂ ಬರೆದಿಲ್ಲ. ಅದು ಯಾರಿಗೆ ಬೇಕಾದರೂ ಕಳಿಸಬಹುದಾದ ಸಾಲು, ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಇಂಥ ಇಮೇಲ್ ಕಳಿಸಿದವರು, ಪಡೆದವರು ದಯವಿಟ್ಟು ಹೇಳಿ: ಬರೀ ಅಂಕಿ ನೋಡಿ ಮಾಲೀಕರು ನಂಬುತ್ತಾರೆಯೇ? ಉಳಿದ ಫೋಟೋಗಳ ದರವನ್ನು ಇದರಲ್ಲೇ ಹೇಳಬೇಕೇ, ಅಥವಾ ಉತ್ತರ ಬಂದ ಮೇಲೆಯೇ?