ಬಿಟ್ಟ ಸಂಸ್ಥೆಗೆ ಹೊರಗಿನಿಂದ ಪುಟವಿನ್ಯಾಸ: ಪ್ರಸ್ತಾವದ ಇಮೇಲ್ ಹೇಗಿರಬೇಕು? ಅನುಭವ ಹಂಚಿಕೊಳ್ಳಿ

ಕುಂಬಳೆಯಿಂದ ಪ್ರಶ್ನೆ: ಮಂಗಳೂರಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಪುಟವಿನ್ಯಾಸ ಮಾಡುತ್ತಿದ್ದೆ. ಅಮ್ಮನ ಆರೋಗ್ಯದ ಕಾರಣ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಪುಸ್ತಕದ ಲೆಕ್ಕದಲ್ಲಿ ಇಲ್ಲಿಂದಲೇ ಕೆಲಸ ಮಾಡಿಕೊಡುವೆನೆಂದು ಅವರಿಗೆ ಬರೆಯಬೇಕು. ವ್ಯಾಪ್ತಿ, ದರ, ಮಿತಿಗಳನ್ನು ನೀವು ಹೇಗೆ ಬರೆದಿರಿ?

ಮಂಜೇಶ್ವರದ ಡಿಟಿಪಿಯವರು: ನಾನು ದರಕ್ಕಿಂತ ಮೊದಲು ಹಸ್ತಪ್ರತಿ ಯಾವ ರೂಪದಲ್ಲಿ ಬರಬೇಕೆಂಬುದನ್ನು ಬರೆದೆ. ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪಿಸಿದ ಕಡತವನ್ನು ಯೂನಿಕೋಡಿಗೆ ತಂದಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ನಡುವಿನ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ, ಮತ್ತು ಅದನ್ನೆಲ್ಲ ಸರಿಪಡಿಸುವುದು ವಿನ್ಯಾಸಕಾರನ ಧರ್ಮವೆಂದು ಸಂಸ್ಥೆ ಭಾವಿಸುತ್ತದೆ. ನನ್ನ ಪತ್ರದ ಸಾಲುಗಳು ಹೀಗಿದ್ದವು: “ಯೂನಿಕೋಡಿನಲ್ಲಿ ಬಂದ ಅಂತಿಮ ಹಸ್ತಪ್ರತಿಗೆ, ಡೆಮಿ ಅಳತೆಯಲ್ಲಿ, ಪುಟಕ್ಕೆ 60 ರೂಪಾಯಿ. ಎರಡು ಸುತ್ತಿನ ತಿದ್ದುಪಡಿ ಇದರಲ್ಲಿ ಸೇರಿದೆ. ಅಕ್ಷರ ಪರಿವರ್ತನೆ, ಮುಖಪುಟ, ಪದಸೂಚಿ ಸೇರಿಲ್ಲ. ಎರಡನೆಯ ಕರಡು ಒಪ್ಪಿಗೆಯಾದ ಬಳಿಕ ಪಠ್ಯ ಬದಲಾದರೆ ಪುಟಕ್ಕೆ 20 ರೂಪಾಯಿ. ಬದಲಾವಣೆಯಿಂದ ಸರಿದ ಪುಟವೂ ಬದಲಾದ ಪುಟವೇ.”

ಆ ಕೊನೆಯ ಸಾಲಿನ ಬೆಲೆ 240 ಪುಟಗಳ ಒಂದು ಪುಸ್ತಕದಲ್ಲಿ ತಿಳಿಯಿತು. ಮೂಲ ಬಿಲ್ಲು 14,400 ರೂಪಾಯಿ. ಒಪ್ಪಿಗೆಯಾದ ಮೇಲೆ ಲೇಖಕರು ಒಂದು ಅಧ್ಯಾಯದ ಆರಂಭಕ್ಕೆ ಎರಡು ಪ್ಯಾರಾ ಸೇರಿಸಿದರು. ಉಳಿದ 34 ಪುಟಗಳೂ ಸರಿದವು, ಅಡಿಟಿಪ್ಪಣಿಗಳನ್ನೂ ಪುಟದ ಕೊನೆಗೆ ಒಂಟಿಯಾಗಿ ಉಳಿದ ಸಾಲುಗಳನ್ನೂ ಮತ್ತೆ ನೋಡಬೇಕಾಯಿತು. ನಾನು 680 ರೂಪಾಯಿ ಸೇರಿಸಿದ್ದಕ್ಕೆ “ಎರಡು ಪ್ಯಾರಾಕ್ಕೆ ಇಷ್ಟೊಂದಾ?” ಎಂದು ವ್ಯವಸ್ಥಾಪಕರು ಕೋಪಿಸಿಕೊಂಡರು. ಪತ್ರದ ಸಾಲನ್ನೇ ಮರಳಿ ಕಳುಹಿಸಿದೆ, ಹಣ ಬಂತು.

ಬದಿಯಡ್ಕದ ಅನುವಾದಕಿ: ಪುಟದ ದರ ಅವರಿಗೆ ಒಗ್ಗಿರಬಹುದು, ನಾನು ಗಂಟೆಯ ದರವನ್ನೇ ಹಿಡಿದೆ. ನನ್ನ ಹಳೆಯ ಸಂಸ್ಥೆಯವರು ಸಂಬಳದ 28,000ವನ್ನು ತಿಂಗಳ 208 ಗಂಟೆಗಳಿಂದ ಭಾಗಿಸಿ 135 ರೂಪಾಯಿ ಕೊಡುತ್ತೇವೆಂದರು. ಆ ಸಂಬಳದ ಜೊತೆ ಭವಿಷ್ಯನಿಧಿಗೆ ಅವರ ಪಾಲು, ರಜೆ, ಕಂಪ್ಯೂಟರ್, ಕರೆಂಟು ಎಲ್ಲವೂ ಇತ್ತು. ಹೊರಗೆ ಕುಳಿತವರಿಗೆ ಬಿಲ್ಲು ಮಾಡಬಹುದಾದ ಗಂಟೆಗಳು 120 ಸಿಕ್ಕರೆ ಹೆಚ್ಚು. ಬರೀ ಸಂಬಳವೇ ಗಂಟೆಗೆ 233 ಆಗುತ್ತದೆ. ನಾನು 280 ಎಂದು ಬರೆದೆ, ಒಂದು ರೂಪಾಯಿಯೂ ಇಳಿಸಲಿಲ್ಲ. ಆದರೆ ಮೊದಲ ಪತ್ರದಲ್ಲಿ ದರ ಹಾಕಬೇಡಿ. ಅವರ ಅಗತ್ಯ ತಿಳಿದ ಮೇಲೆ ಹೇಳಿ. ಇನ್ನೊಂದು ವಿಷಯ, ನಾವು ಕೇರಳದಲ್ಲಿ, ಸಂಸ್ಥೆ ಕರ್ನಾಟಕದಲ್ಲಿ: ಗಡಿ ದಾಟಿದ ಕೆಲಸಕ್ಕೆ ಜಿಎಸ್‌ಟಿ ನೋಂದಣಿ ಕಡ್ಡಾಯ. ನಾನು ಮಾಡಿಸಿದ್ದೇನೆ, ಬಿಲ್ಲು ಇಲ್ಲದ ತಿಂಗಳಿಗೂ ರಿಟರ್ನ್ ಸಲ್ಲಿಸಲು ಲೆಕ್ಕಿಗರಿಗೆ 500 ರೂಪಾಯಿ ಕೊಡುತ್ತಿದ್ದೇನೆ.

ಪೆರ್ಲದಿಂದ ಒಬ್ಬರು: ಮರಳಿ ಕರೆದರೆ ಹಳೆಯ ಸಂಬಳಕ್ಕೆ ಒಪ್ಪಬೇಡಿ. ನನ್ನ ಮಗನನ್ನು ಮರಳಿ ಕರೆದು ಹೊಸಬನ ಸಂಬಳ ಕೊಟ್ಟರು.

ಮಂಜೇಶ್ವರದ ಡಿಟಿಪಿಯವರು: ಕುಂಬಳೆಯವರು ಮರಳಿ ಸೇರುವ ಮಾತೇ ಆಡಿಲ್ಲ. ಅಕ್ಕ, ದರವಿಲ್ಲದ ಪತ್ರಕ್ಕೆ “ನೋಡೋಣ” ಎಂಬ ಉತ್ತರ ಬರುತ್ತದೆ, ಅಷ್ಟೇ.

ಉಪ್ಪಳದ ಲೆಕ್ಕಿಗರು: ಅಂತರರಾಜ್ಯ ವ್ಯವಹಾರಕ್ಕೆ ನೋಂದಣಿ ಕಡ್ಡಾಯವೆಂಬುದು ಸರಕಿನ ವಿಷಯದಲ್ಲಿ ಬಹುಮಟ್ಟಿಗೆ ಸರಿ. ಸೇವೆಗೆ 2017ರಿಂದಲೇ ವಿನಾಯಿತಿ ಇದೆ. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿ ಬೇಕಿಲ್ಲ. ಅಕ್ಕನವರು ಕೊಡುತ್ತಿರುವ ಹಣ ವ್ಯರ್ಥ. ಪತ್ರದಲ್ಲಿ “ಜಿಎಸ್‌ಟಿ ನೋಂದಣಿ ಇಲ್ಲ, ಬಿಲ್ಲಿನಲ್ಲಿ ತೆರಿಗೆ ಸೇರಿಸುವುದಿಲ್ಲ” ಎಂದು ಬರೆದರೆ ಸಾಕು. ಅದಕ್ಕಿಂತ ಮುಖ್ಯವಾದುದು ಪಾವತಿಯ ದಿನ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಂಡು ಆ ಸಂಖ್ಯೆಯನ್ನು ಪತ್ರದಲ್ಲಿ ಹಾಕಿ. ಕಿರು ಉದ್ಯಮಕ್ಕೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ಹಣ ಕೊಡುವ ತನಕ ಆ ಖರ್ಚನ್ನು ಅವರು ತಮ್ಮ ಆದಾಯದಲ್ಲಿ ಕಳೆಯುವಂತಿಲ್ಲ. ಇದನ್ನು ಸಂಸ್ಥೆಯ ಲೆಕ್ಕ ವಿಭಾಗ ಚೆನ್ನಾಗಿ ಬಲ್ಲದು.

ಬದಿಯಡ್ಕದ ಅನುವಾದಕಿ: ವ್ಯರ್ಥವೆಂದು ಸುಲಭವಾಗಿ ಹೇಳಿದಿರಿ. ನೋಂದಣಿ ಇಲ್ಲದವರ ಬಿಲ್ಲನ್ನು ನನ್ನ ಸಂಸ್ಥೆ ಮುಟ್ಟುವುದೇ ಇಲ್ಲವೆಂದು ಅವರೇ ಹೇಳಿದ್ದು.

ಉಪ್ಪಳದ ಲೆಕ್ಕಿಗರು: ಅದು ಆ ಸಂಸ್ಥೆಯ ಹಟ, ಕಾನೂನಲ್ಲ. ಎರಡನ್ನೂ ಒಂದೇ ಎಂದು ಬರೆದರೆ ಕುಂಬಳೆಯವರು ಇಲ್ಲದ ಖರ್ಚು ಹೊತ್ತುಕೊಳ್ಳುತ್ತಾರೆ.

ಬದಿಯಡ್ಕದ ಅನುವಾದಕಿ: ಹಟವೋ ಕಾನೂನೋ, ಕೆಲಸ ಕೊಡುವವರು ಅವರು. ಹಾಗಾಗಿ ಕುಂಬಳೆಯವರೇ, ಪತ್ರ ಕಳುಹಿಸುವ ಮೊದಲು ನಿಮ್ಮ ಸಂಸ್ಥೆಯ ಲೆಕ್ಕ ವಿಭಾಗದ ಪರಿಚಿತರನ್ನು ಈ ಒಂದು ವಿಷಯ ಕೇಳಿಬಿಡಿ. ಸಂಜೆ ಆರರ ಬಳಿಕ ಫೋನ್ ತೆಗೆಯುವುದಿಲ್ಲವೆಂಬುದನ್ನೂ ಬರೆಯಿರಿ. ಹಳೆಯ ಸಹೋದ್ಯೋಗಿಗಳು ನೀವು ಇನ್ನೂ ಪಕ್ಕದ ಮೇಜಿನಲ್ಲಿರುವಂತೆಯೇ ಕರೆಯುತ್ತಾರೆ.