ಸಹಾಯ ಬೇಕು: ಎಂಟು ಜನ, ₹2000, ಆರ್ಡರ್ ಸರಿ ಇದೆಯಾ?

ಭಾನುವಾರ ಚಿಕ್ಕಮಗಳೂರಿನಲ್ಲಿ ಮನೆಯವರೆಲ್ಲ ಹೊರಗೆ ಊಟ. 5% ಜಿಎಸ್‌ಟಿ ಸೇರಿ ಬಿಲ್ ₹2000 ದಾಟಬಾರದು, ಅಂದರೆ ಆರ್ಡರ್ ₹1900ರೊಳಗೆ. ಮೆನು ಫೋಟೋ ಹಾಕಿದ್ದೇನೆ.

ಐವರಿಗೆ ಊಟ 900, ಶುಗರ್ ಇರುವ ಅಪ್ಪನಿಗೆ ಮುದ್ದೆ, ಸೊಪ್ಪಿನ ಸಾರು 150. ಅಜ್ಜಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟಲ್ಲ. ದೋಸೆ ಕಾವಲಿಗೆ ಈರುಳ್ಳಿ ಉಜ್ಜುತ್ತಾರೆ ಅಲ್ವಾ, ಹಾಗಾಗಿ ಮೊಸರನ್ನ 90. ಕಡಲೆಕಾಯಿ ಬೀಜದ ಅಲರ್ಜಿ ಇರುವ ಮಗನಿಗೆ ಸೆಟ್ ದೋಸೆ 80. ಎಲ್ಲರಿಗೂ ಕಾಫಿ 240, ಜೊತೆಗೆ ಎರಡು ಗೋಬಿ. ಗೋಬಿ ರೇಟಿನ ಮೇಲೆ ಫ್ಲ್ಯಾಶ್ ಬಿದ್ದು 160ಓ 190ಓ ಕಾಣುತ್ತಿಲ್ಲ. 190 ಅಂತಲೇ ಹಿಡಿದರೂ 1840, ತೆರಿಗೆ ಸೇರಿ 1932.

ದುಡ್ಡು ಸಾಕು. ತಲೆನೋವು ಚಟ್ನಿಯದು. ಕಡಲೆಬೀಜ ಹಾಕಿ ರುಬ್ಬಿದ್ದರೂ ಮೆನುವಿನಲ್ಲಿ ಬರೆದಿರಲ್ಲ. ಮೊದಲೇ ಫೋನ್ ಮಾಡಿ ಅಡುಗೆಯವರನ್ನೇ ಕೇಳಿದರೆ ಸಾಕಾ? ಚಟ್ನಿ ಬದಲು ಮಗುವಿಗೆ ಏನು ಹೇಳಲಿ?